ಬ್ರಾಕೆಟ್‌ನೊಳಗಿನ ನಾಲ್ಕು

ಚೀನೀ ಪೇಟೆಂಟ್‌ಗಳನ್ನು ಇಂಗ್ಲಿಷಿಗೆ ತರುವುದು ನನ್ನ ಕೆಲಸ. ಬೆಳಗಾವಿಯಲ್ಲಿ ಕೂತೇ ಮಾಡ್ತೀನಿ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಒಂದೇ ಮಾತು ಹೇಳ್ತಾರೆ: "ಮೇಡಂ, ಇಂಗ್ಲಿಷ್ ಸ್ವಲ್ಪ ಚಂದ ಮಾಡ್ರಿ. ಆ ಬ್ರಾಕೆಟ್ ನಂಬರ್ ತೆಗೀರಿ, ಓದಾಕ ಅಡ್ಡ ಬರ್ತಾವು." ವಿವರಣೆಯ ಭಾಗದಲ್ಲಿ ಒಂದಿಷ್ಟು ಚಂದ ಮಾಡಬಹುದು. ಪೇಟೆಂಟ್‌ನ ಹಕ್ಕು ಎಲ್ಲಿಯವರೆಗೆ ಅಂತ ಗೆರೆ ಹಾಕುವ ವಾಕ್ಯಗಳು, ಅಂದರೆ ಕ್ಲೇಮ್, ಅದರಲ್ಲಿ ಮಾತ್ರ ಆಗಲ್ಲ. ಎಷ್ಟು ಸಲ ಹೇಳಿದರೂ ಮುಂದಿನ ಸಲ ಅದೇ ಕೇಳಿಕೆ.

ಹೋದ ವರ್ಷ ಉದ್ಯಮಬಾಗದ ಒಬ್ಬ ಹೈಡ್ರಾಲಿಕ್ ಸಿಲಿಂಡರ್ ತಯಾರಕರು ಬಂದರು. ಅವರ ಸಿಲಿಂಡರ್ ಹಾಕಿದ ಯಂತ್ರ ಚೀನಾಕ್ಕೆ ಹೋಗಬೇಕಿತ್ತು. ಅಲ್ಲಿಯ ಒಂದು ಪೇಟೆಂಟ್ ಅಡ್ಡ ಬರುತ್ತದಾ ಅಂತ ಖರೀದಿದಾರರು ಕೇಳಿದ್ದರಂತೆ. ಅಗ್ಗಕ್ಕೆ ಮಾಡಿಸಿದ ಅನುವಾದ ಕೈಯಲ್ಲಿತ್ತು, ಮುಖದ ಮೇಲೆ ನೆಮ್ಮದಿ. "ಅವರದು ಓ-ರಿಂಗ್ ಐತ್ರಿ, ನಮ್ಮದು ಯು-ಕಪ್ ಸೀಲ್. ಏನೂ ತೊಂದರೆ ಇಲ್ಲಲ್ರಿ?"

ನಾನು ಚೀನೀ ಮೂಲ ತೆಗೆದೆ. ಮೊದಲ ಕ್ಲೇಮ್‌ನಲ್ಲಿ ಬ್ಯಾರಲ್ (1), ಪಿಸ್ಟನ್ (2), ಪಿಸ್ಟನ್ ರಾಡ್ (3), ಪಿಸ್ಟನ್‌ನಲ್ಲಿ ಒಂದು ಸುತ್ತು ಗ್ರೂವ್ (21), ಗ್ರೂವ್‌ನೊಳಗೆ ಒಂದು "ಮಿಫೆಂಗ್‌ಜಿಯನ್ (4)". ಆ ಪದದ ಕೊನೆಯ "ಜಿಯನ್" ಅಂದರೆ ಸುಮ್ನೆ ಒಂದು ಭಾಗ, ಒಂದು ವಸ್ತು. ಇಡೀ ಪದಕ್ಕೆ ಅರ್ಥ "ಸೀಲ್ ಮಾಡುವ ಭಾಗ", ಇಂಗ್ಲಿಷಿನಲ್ಲಿ ಸೀಲಿಂಗ್ ಮೆಂಬರ್. ಉಂಗುರ ಅಂತ ಎಲ್ಲೂ ಇಲ್ಲ. ಆದರೆ ಚಿತ್ರದಲ್ಲಿ 4 ಅಂತ ತೋರಿಸಿದ್ದು ಓ-ರಿಂಗ್. ವಿವರಣೆಯಲ್ಲೂ ಓ-ರಿಂಗ್ (4) ಅಂತಲೇ ಇದೆ. ಅನುವಾದಕ ಅದನ್ನು ನೋಡಿ ಕ್ಲೇಮ್‌ಗೂ ಓ-ರಿಂಗ್ ತಂದುಬಿಟ್ಟಿದ್ದ. ನಂಬರ್ ಒಂದೇ ಇದೆ, ವಸ್ತುವೂ ಒಂದೇ ಅಂದುಕೊಂಡ.

ತಪ್ಪು ಅಲ್ಲೇ. ಬ್ರಾಕೆಟ್‌ನೊಳಗಿನ ನಂಬರ್ ಚಿತ್ರದ ಕಡೆ ಬೆರಳು ತೋರಿಸುತ್ತದೆ, ಅಷ್ಟೇ. ಚಿತ್ರದಲ್ಲಿರುವುದು ಒಂದು ಉದಾಹರಣೆ. ಆ ನಂಬರ್ ನೋಡಿ ಕ್ಲೇಮ್‌ನ ವ್ಯಾಪ್ತಿ ಕಿರಿದು ಮಾಡಬಾರದು ಅಂತ ಚೀನಾದ ನಿಯಮವೇ ಹೇಳುತ್ತದೆ. ಈ ಪೇಟೆಂಟ್‌ನ ಮೂರನೇ ಕ್ಲೇಮ್ ನೋಡಿ: "ಕ್ಲೇಮ್ 1ರ ಸಿಲಿಂಡರ್, ಅದರಲ್ಲಿ ಆ ಸೀಲಿಂಗ್ ಮೆಂಬರ್ (4) ಒಂದು ಓ-ರಿಂಗ್." ಮೊದಲನೆಯದರಲ್ಲೇ ಓ-ರಿಂಗ್ ಅಂತಿದ್ದರೆ ಮೂರನೆಯದು ಯಾಕೆ ಬೇಕಿತ್ತು? ಅಗ್ಗದ ಅನುವಾದದಲ್ಲಿ ಅದು "ಓ-ರಿಂಗ್ ಒಂದು ಓ-ರಿಂಗ್" ಅಂತ ಓದುತ್ತಿತ್ತು. ಹೀಗೆ ಅರ್ಥವಿಲ್ಲದ ಕ್ಲೇಮ್ ಕಂಡರೆ ಮೇಲೆಲ್ಲೋ ಪದ ಕೆಟ್ಟಿದೆ ಅಂತ ತಿಳಿಯಬೇಕು.

ಸರಿಯಾಗಿ ಓದಿದರೆ ಯು-ಕಪ್ ಕೂಡ ಸೀಲ್ ಮಾಡುವ ಭಾಗವೇ, ಅಲ್ವಾ? ಗಿರಾಕಿಯ ಸಿಲಿಂಡರ್‌ನಲ್ಲಿ ಉಳಿದ ಭಾಗಗಳೂ ಕ್ಲೇಮ್‌ನಲ್ಲಿ ಹೇಳಿದ ಹಾಗೇ ಇದ್ದವು. ಅವರ ಮುಖ ಬಾಡಿದ್ದು ಕಂಡು ನನಗೇ ಸಂಕಟ ಆಯ್ತು. ವಿವರಣೆ ಮತ್ತು ಚಿತ್ರವನ್ನಿಟ್ಟುಕೊಂಡು ವ್ಯಾಪ್ತಿಯನ್ನು ವಾದಿಸುವುದಕ್ಕೆ ದಾರಿ ಇರಬಹುದು. ಅದು ಪೇಟೆಂಟ್ ವಕೀಲರ ಕೆಲಸ, ನನ್ನದಲ್ಲ. ವಕೀಲರಿಗೆ ಮೂಲದಲ್ಲಿ ಇದ್ದದ್ದು ಇದ್ದ ಹಾಗೆ ಸಿಗಬೇಕು.

ಹಾಗಾದರೆ ನಂಬರ್ ತೆಗೆದರೆ ಏನಾಗುತ್ತದೆ ಅಂತ ಕೇಳ್ತಾರೆ. ಚೀನೀ ಭಾಷೆಯಲ್ಲಿ "ಎ", "ದಿ" ಇಲ್ಲ. ನಾಮಪದಕ್ಕೆ ಏಕವಚನ, ಬಹುವಚನದ ಗುರುತೂ ಸಾಮಾನ್ಯವಾಗಿ ಇರಲ್ಲ. ಹಿಂದೆ ಹೇಳಿದ್ದನ್ನೇ ಮತ್ತೆ ಹೇಳುವಾಗ "ಸುವೊಶು" ಅಂತ ಸೇರಿಸ್ತಾರೆ, ಇಂಗ್ಲಿಷಿನ "ಸೆಡ್" ಇದ್ದ ಹಾಗೆ. ಬರೆಯುವವರು ಒಮ್ಮೊಮ್ಮೆ ಅದನ್ನು ಬಿಟ್ಟುಬಿಡ್ತಾರೆ. ಆಗ ಎರಡನೇ ಸಲ ಬಂದ ಗ್ರೂವ್ ಹಳೆಯದೋ ಹೊಸದೋ? ಪಕ್ಕದಲ್ಲಿ (21) ಇದ್ದರೆ ಅದೇ ಗ್ರೂವ್ ಅಂತ ಓದಲು ಒಂದು ಆಧಾರ ಸಿಗುತ್ತದೆ. ನಂಬರ್ ಅಳಿಸಿದರೆ ಆ ಆಧಾರವೂ ಹೋಯಿತು. ಬ್ರಾಕೆಟ್ ಮಾತ್ರ ತೆಗೆಯುವುದೂ ಒಳ್ಳೆಯದಲ್ಲ. "ಪಿಸ್ಟನ್ 2" ಅಂತ ಬರೆದರೆ ಎರಡು ಪಿಸ್ಟನ್ ಅಂತ ಓದುವವರೂ ಇದ್ದಾರೆ.

ನಾನು ಕೆಲಸ ಶುರು ಮಾಡುವ ಮುಂಚೆ ಒಂದು ಪಟ್ಟಿ ಹಾಕ್ತೀನಿ: ನಂಬರ್, ಚೀನೀ ಪದ, ಇಂಗ್ಲಿಷ್ ಪದ. ಒಂದು ಚೀನೀ ಪದಕ್ಕೆ ಕೊನೆಯವರೆಗೂ ಒಂದೇ ಇಂಗ್ಲಿಷ್ ಪದ. ಮುಗಿದ ಮೇಲೆ ಒಂದೊಂದೇ ನಂಬರ್ ಹುಡುಕಿ, ಮೂಲದಲ್ಲಿ ಎಷ್ಟು ಸಲ ಬಂದಿದೆಯೋ ನನ್ನದರಲ್ಲೂ ಅಷ್ಟೇ ಇದೆಯಾ ಅಂತ ಎಣಿಸ್ತೀನಿ. 4ರ ಎದುರು ಎರಡು ಚೀನೀ ಪದ ಬಿದ್ದರೆ ಎರಡನ್ನೂ ಬೇರೆ ಬೇರೆಯಾಗೇ ಇಡ್ತೀನಿ, ಒಂದಕ್ಕೊಂದು ಬೆರೆಸಲ್ಲ.

ಅದೇ ಪೇಟೆಂಟ್‌ನ ನಾಲ್ಕನೇ ಕ್ಲೇಮ್‌ನಲ್ಲಿ ಪಿಸ್ಟನ್ ರಾಡ್ (2) ಅಂತಿತ್ತು. ಉಳಿದ ಕಡೆ ರಾಡ್ 3, ಪಿಸ್ಟನ್ 2. "ಟೈಪ್ ತಪ್ಪು ಬಿಡ್ರಿ, 3 ಮಾಡ್ರಿ" ಅಂದರು ಗಿರಾಕಿ. ನಂಬರ್ ತಪ್ಪಿರಬಹುದು. ಬರೆಯಬೇಕಿದ್ದದ್ದು ಪಿಸ್ಟನ್ ಆಗಿದ್ದು ಪದ ತಪ್ಪಿರಲೂಬಹುದು. ಹಾಗೆ ಆದರೆ ಕ್ಲೇಮ್ ಬೇರೆ ಭಾಗದ ಮೇಲೆ ಬೀಳುತ್ತದೆ. ನಾನು ಪಿಸ್ಟನ್ ರಾಡ್ (2) ಅಂತಲೇ ಇಟ್ಟು, ಕ್ಲೇಮ್‌ನ ಹೊರಗೆ ಒಂದು ಟಿಪ್ಪಣಿ ಬರೆದೆ: "ಮೂಲದಲ್ಲಿ ಹೀಗೇ ಇದೆ, ಕ್ಲೇಮ್ 1ರಲ್ಲಿ ಪಿಸ್ಟನ್ ರಾಡ್‌ನ ನಂಬರ್ 3." ಆ ಟಿಪ್ಪಣಿಯ ಸಮೇತ ಕಡತ ವಕೀಲರಿಗೆ ಹೋಯಿತು.