ಮಾಡೆಲ್ ಕುಸಿತವನ್ನು ಮೊದಲ ದಿನವೇ ಹಿಡಿದಿತ್ತಾ?

ಪ್ರಶ್ನೆ: ನಮ್ಮದು ಗೋಣಿಕೊಪ್ಪದ ಹತ್ತಿರ ರೊಬಸ್ಟಾ ತೋಟ. ಚೆರ್ರಿ ಮೂಟೆಗಳನ್ನು ಯಾವಾಗ ಮಾರಬೇಕು ಎಂದು ನೋಡಲು ಲಂಡನ್ ದರದ ಮೇಲೆ ಎರಡು ಸ್ಥಿತಿಯ ಹಿಡನ್ ಮಾರ್ಕೊವ್ ಮಾಡೆಲ್ ಓಡಿಸಿದೆ. ಹಳೆಯ ಕುಸಿತಗಳನ್ನೆಲ್ಲ ಮೊದಲ ದಿನವೇ ತೋರಿಸಿದೆ. ನಂಬಬಹುದಾ?

ಉತ್ತರ: ಆ ಗ್ರಾಫನ್ನು ನಂಬಬೇಡಿ. ಮಾಡೆಲ್ ಕೆಟ್ಟದ್ದಲ್ಲ, ಆದರೆ ನೀವು ಅದಕ್ಕೆ ನಾಳೆಯ ದರವನ್ನೂ ತೋರಿಸಿದ್ದೀರಿ.

ಮಾರುಕಟ್ಟೆ ಶಾಂತವಾಗಿದೆಯೋ, ಗದ್ದಲದಲ್ಲಿದೆಯೋ ಎಂಬುದು ನಮಗೆ ನೇರವಾಗಿ ಕಾಣುವುದಿಲ್ಲ. ಕಾಣುವುದು ದಿನದ ಏರಿಳಿತ ಮಾತ್ರ. ಅದರಿಂದ ಮಾಡೆಲ್ ಸ್ಥಿತಿಯನ್ನು ಊಹಿಸುತ್ತದೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗಷ್ಟೇ. ದಿನದ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಶನ್ ಶಾಂತ ಕಾಲದಲ್ಲಿ 1%, ಗದ್ದಲದಲ್ಲಿ 3%, ಸರಾಸರಿ ಎರಡರಲ್ಲೂ ಸೊನ್ನೆ ಎಂದಿಟ್ಟುಕೊಳ್ಳಿ. ಶಾಂತ ಸ್ಥಿತಿ ಮರುದಿನವೂ ಉಳಿಯುವ ಸಾಧ್ಯತೆ 98%, ಗದ್ದಲ ಉಳಿಯುವುದು 95%. ನಿನ್ನೆಯವರೆಗೆ ಗದ್ದಲದ ಸಾಧ್ಯತೆ 5% ಇತ್ತು.

ಸೋಮವಾರ ದರ 2.5% ಬಿತ್ತು. ಆ ಸಂಜೆ ಗದ್ದಲದ ಸಾಧ್ಯತೆ ಸುಮಾರು 28%. ಮಾರುವಷ್ಟು ಭಯವೇನಿಲ್ಲ, ಅಲ್ವಾ? ಮಂಗಳವಾರ ಮತ್ತೆ 3% ಬಿತ್ತು. ಈಗ 87%. ಅಷ್ಟರಲ್ಲಿ ಎರಡೂ ಪೆಟ್ಟು ಬಿದ್ದಾಗಿದೆ.

ಈಗ ಮಂಗಳವಾರದ ದರವನ್ನೂ ಕೊಟ್ಟು, ಸೋಮವಾರ ಏನಾಗಿತ್ತು ಎಂದು ಮತ್ತೆ ಕೇಳಿ. ಉತ್ತರ 28 ಅಲ್ಲ, 83%! ಮಂಗಳವಾರ ದರ ಬರೀ 0.2% ಏರಿದ್ದರೆ ಅದೇ ಸೋಮವಾರಕ್ಕೆ 13% ಬರುತ್ತಿತ್ತು. ನಿಮ್ಮ ಗ್ರಾಫ್ ತೋರಿಸುವುದು ಈ ತಿದ್ದಿದ ಅಂಕಿಯನ್ನು. ಅದನ್ನು ನೋಡಿ ಸೋಮವಾರ ಸಂಜೆಯೇ ಮಾರಿದೆವು ಎಂದು ಲೆಕ್ಕ ಹಾಕಿದರೆ, ಮಂಗಳವಾರದ 3% ನಷ್ಟ ಕಾಗದದ ಮೇಲೆ ಸುಮ್ನೆ ಮಾಯವಾಗುತ್ತದೆ.

ಭವಿಷ್ಯದ ಮಾಹಿತಿ ಒಳನುಸುಳುವ ಇನ್ನೊಂದು ಸೋರಿಕೆಯೂ ಇದೆ. ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಆ 1%, 3%, 98% ಎಂಬ ಅಂಕಿಗಳನ್ನೂ ಮಾಡೆಲ್ ಡೇಟಾದಿಂದಲೇ ಕಲಿಯುತ್ತದೆ. 2024ರವರೆಗಿನ ದರವನ್ನೆಲ್ಲ ಕೊಟ್ಟು ಕಲಿಸಿದರೆ, 2019ರ ದಿನವನ್ನು ಅಳೆಯುವಾಗಲೂ 2024ರ ಏರಿಳಿತದ ಅನುಭವ ಅದರಲ್ಲಿ ಸೇರಿರುತ್ತದೆ. 2019ರಲ್ಲಿ ಕೂತವರಿಗೆ ಅದು ಎಲ್ಲಿಂದ ಗೊತ್ತಿರಬೇಕು?

ಪೈಥಾನ್‌ನ `hmmlearn` ಲೈಬ್ರರಿ ಬಳಸುವವರು ಗಮನಿಸಿ: `predict`, `predict_proba` ಎರಡೂ ಕೊಟ್ಟ ಇಡೀ ಸರಣಿಯನ್ನು ನೋಡಿಯೇ ಉತ್ತರ ಹೇಳುತ್ತವೆ. ಆದ್ದರಿಂದ ಹಳೆಯ ಭಾಗದಲ್ಲಿ ಮಾತ್ರ ಕಲಿಸಿ. ಆಮೇಲೆ ಒಂದೊಂದೇ ದಿನ ಸೇರಿಸುತ್ತಾ ಕೊನೆಯ ಸಾಲನ್ನಷ್ಟೇ ತೆಗೆದುಕೊಳ್ಳಿ. ಇಲ್ಲಿ `m` ನಿಮ್ಮ ಮಾಡೆಲ್, `r` ದಿನದ ಏರಿಳಿತಗಳ ಒಂದೇ ಕಾಲಂ ಇರುವ 2D ಅರೇ:

```
m.fit(r[:1000])
p = [m.predict_proba(r[:t+1])[-1]
     for t in range(1000, len(r))]
```

ನಿಧಾನ, ಆದರೆ ಪ್ರಾಮಾಣಿಕ. ಸೋರಿಕೆ ಇದೆಯೇ ಎಂದು ನೋಡುವುದೂ ಸುಲಭ. ಒಂದು ದಿನದವರೆಗಿನ ಡೇಟಾ ಕೊಟ್ಟು ಆ ದಿನದ ಅಂಕಿ ಬರೆದಿಟ್ಟುಕೊಳ್ಳಿ. ನಂತರದ ತಿಂಗಳುಗಳನ್ನೂ ಸೇರಿಸಿ, `random_state` ಎರಡೂ ಸಲ ಒಂದೇ ಇಟ್ಟು, ನಿಮ್ಮ ಪೂರ್ತಿ ವಿಧಾನವನ್ನು ಮೊದಲಿನಿಂದ ಓಡಿಸಿ. ಅದೇ ದಿನದ ಅಂಕಿ ಬದಲಾದರೆ ಎಲ್ಲೋ ಭವಿಷ್ಯ ನುಸುಳಿದೆ ಎಂದರ್ಥ.

ತಿಂಗಳಿಗೊಮ್ಮೆ ಹೊಸದಾಗಿ ಕಲಿಸುವುದಾದರೆ ಸ್ಥಿತಿಗಳ ಹೆಸರು ನೋಡಿಕೊಳ್ಳಿ. ಈ ಸಲ 0 ಎಂದರೆ ಶಾಂತ, ಮುಂದಿನ ಸಲ ಅದೇ 0 ಗದ್ದಲವಾಗಿರಬಹುದು. ಪ್ರತಿ ಸಲವೂ ಏರಿಳಿತ ಜಾಸ್ತಿ ಇರುವುದನ್ನೇ ಗದ್ದಲ ಎಂದು ಗುರುತಿಸಿ. ಹೀಗೆಲ್ಲ ಮಾಡಿದ ಮೇಲೆ ಎಚ್ಚರಿಕೆ ಒಂದೆರಡು ದಿನ ತಡವಾಗಿ ಬರುತ್ತದೆ, ಕೆಲವೊಮ್ಮೆ ಸುಳ್ಳೂ ಆಗುತ್ತದೆ. ಮೂಟೆ ಇಟ್ಟುಕೊಂಡರೆ ಲಾಭವೋ ನಷ್ಟವೋ ಎಂಬುದನ್ನು ಆ ತಡವಾದ ಅಂಕಿಯ ಮೇಲೆಯೇ ಲೆಕ್ಕ ಹಾಕಿ.