ಕುತ್ತಿಗೆಯಲ್ಲಿ ಎರಡು ಗಂಟು, ಚುಚ್ಚಿದ್ದು ಮಾತ್ರ ಚಿಕ್ಕದನ್ನ

ಥೈರಾಯ್ಡ್ ಗಂಟು ಅಂದ ತಕ್ಷಣ ಎಲ್ರೂ ಮೊದಲು ಕೇಳೋದು ಎಷ್ಟು ದೊಡ್ಡದಿದೆ ಅಂತ, ಆದ್ರೆ ಸ್ಕ್ಯಾನಿಂಗ್ ಮಾಡೋ ರೇಡಿಯಾಲಜಿಸ್ಟ್ ಮೊದಲು ನೋಡೋದು ಸೈಜ್ ಅಲ್ಲ, ಗಂಟಿನ ರೂಪ. 45 ವರ್ಷದ ಒಬ್ರು ಹೆಂಗಸು ಅಂದ್ಕೊಳ್ಳಿ, ಬಲಗಡೆ 1.6 ಸೆಂ.ಮೀ. ಗಂಟು, ಎಡಗಡೆ 2.8 ಸೆಂ.ಮೀ. ಗಂಟು. ಮನೆಯವರಿಗೆಲ್ಲ ಎಡಗಡೆದ್ದೇ ಚಿಂತೆ, ಕೈಗೆ ಸಿಗೋದೂ ಅದೇ.

ಮೊದಲು ರಕ್ತದಲ್ಲಿ ಟಿಎಸ್ಎಚ್ ನೋಡ್ತಾರೆ, ಥೈರಾಯ್ಡಿಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನ್ ಅದು. ಅದು ಕಮ್ಮಿ ಇದ್ರೆ ಗಂಟೇ ಹಾರ್ಮೋನ್ ಜಾಸ್ತಿ ಮಾಡ್ತಿರಬಹುದು, ಅಂಥ ಗಂಟಲ್ಲಿ ಕ್ಯಾನ್ಸರ್ ತುಂಬಾ ಅಪರೂಪ, ಹಾಗಾಗಿ ಸೂಜಿ ಚುಚ್ಚಿ ಗಂಟಿನ ಕೋಶ ತೆಗೆಯೋಕೆ ಮುಂಚೆ, ಗಂಟು ಹಾರ್ಮೋನ್ ಮಾಡ್ತಿದ್ಯಾ ಅಂತ ತೋರಿಸೋ ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸ್ತಾರೆ. ಇವರ ಟಿಎಸ್ಎಚ್ ನಾರ್ಮಲ್, ಹಾಗಾಗಿ ಮುಂದಿನ ತೀರ್ಮಾನ ಅಲ್ಟ್ರಾಸೌಂಡ್ ಮೇಲೆ.

ರಿಪೋರ್ಟಲ್ಲಿ ಟೈರ್ಯಾಡ್ಸ್ ಅಂತ ಇರುತ್ತಲ್ಲ, ಅದು ಪಾಯಿಂಟ್ ಲೆಕ್ಕ, ಅಮೆರಿಕದ ರೇಡಿಯಾಲಜಿ ಕಾಲೇಜಿನವರು 2017ರಲ್ಲಿ ಕೊಟ್ಟಿದ್ದು. ಐದು ವಿಷಯ ನೋಡ್ತಾರೆ: ಒಳಗೆ ನೀರಿದ್ಯಾ ಗಟ್ಟಿಯಾ, ಸುತ್ತಲಿನ ಗ್ರಂಥಿಗಿಂತ ಕಪ್ಪಗೆ ಕಾಣುತ್ತಾ, ಅಗಲಕ್ಕಿಂತ ಎತ್ತರ ಜಾಸ್ತಿ ಇದ್ಯಾ, ಅಂಚು ನುಣುಪಾಗಿದ್ಯಾ, ಒಳಗೆ ಬಿಳಿ ಚುಕ್ಕೆ ಇದ್ಯಾ. ಇದ್ರಲ್ಲಿ ಚುಕ್ಕೆ ವಿಷಯ ಸ್ವಲ್ಪ ಹುಷಾರು. ಸಣ್ಣ ಸಣ್ಣ ಬಿಳಿ ಚುಕ್ಕೆ ಕ್ಯಾಲ್ಸಿಯಂ ಆಗಿದ್ರೆ ಅನುಮಾನ ಜಾಸ್ತಿ, ಅದೊಂದಕ್ಕೇ 3 ಪಾಯಿಂಟ್, ಆದ್ರೆ ನೀರಿರೋ ಗಂಟಲ್ಲಿ ಚುಕ್ಕೆ ಹಿಂದೆ ದೊಡ್ಡ ಬಾಲ ಎಳೆದ ಹಾಗೆ ಕಂಡ್ರೆ ಅದು ಸಾಮಾನ್ಯವಾಗಿ ಹೆಪ್ಪುಗಟ್ಟಿದ ಕೊಲಾಯ್ಡ್, ಅಂದ್ರೆ ಥೈರಾಯ್ಡ್ ಒಳಗಿರೋ ಅಂಟು ದ್ರವ, ಅದಕ್ಕೆ ಸೊನ್ನೆ. ಎರಡನ್ನೂ ಅದಲು ಬದಲು ಮಾಡ್ಕೊಂಡ್ರೆ ಇಡೀ ಲೆಕ್ಕನೇ ಉಲ್ಟಾ. ಎಲ್ಲಾ ಪಾಯಿಂಟ್ ಕೂಡಿಸಿ ಟಿಆರ್1ರಿಂದ ಟಿಆರ್5ರ ತನಕ ಒಂದು ದರ್ಜೆ ಕೊಡ್ತಾರೆ.

ಈಗ ಎಡಗಡೆ ದೊಡ್ಡ ಗಂಟು ನೋಡಿ. ಅರ್ಧ ನೀರು ಅರ್ಧ ಗಟ್ಟಿ, 1 ಪಾಯಿಂಟ್. ಗಟ್ಟಿ ಭಾಗ ಸುತ್ತಲಿನ ಗ್ರಂಥಿಯ ಬಣ್ಣದ್ದೇ, ಇನ್ನೊಂದು 1. ಬೇರೆ ಏನೂ ಇಲ್ಲ. ಒಟ್ಟು 2, ಅಂದ್ರೆ ಟಿಆರ್2, ಎಷ್ಟೇ ದೊಡ್ಡದಿದ್ರೂ ಕ್ಯಾನ್ಸರ್ ಅನುಮಾನಕ್ಕೆ ಅಂತ ಸೂಜಿ ಬೇಡ. ಬಲಗಡೆ ಚಿಕ್ಕದು ಪೂರ್ತಿ ಗಟ್ಟಿ, 2. ಕಪ್ಪಗಿದೆ, ಇನ್ನೊಂದು 2. ಆಕಾರ, ಅಂಚು, ಚುಕ್ಕೆ ಎಲ್ಲಾ ಸರಿ ಇದೆ. ಒಟ್ಟು 4, ಟಿಆರ್4. ಸೈಜ್ ಲೆಕ್ಕಕ್ಕೆ ಬರೋದು ಈಗ: ಟಿಆರ್4 ಗಂಟು 1.5 ಸೆಂ.ಮೀ. ದಾಟಿದ್ರೆ ಚುಚ್ಚಬೇಕು, ಇದು 1.6. ಇನ್ನೂ ಅನುಮಾನ ಜಾಸ್ತಿ ಇರೋ ಟಿಆರ್5 ಆದ್ರೆ 1 ಸೆಂ.ಮೀ.ಗೇ ಚುಚ್ಚುತ್ತಾರೆ, ಟಿಆರ್3 ಆದ್ರೆ 2.5ರ ತನಕ ಕಾಯ್ತಾರೆ.

ಇಷ್ಟೆಲ್ಲ ಯಾಕೆ, ಎಲ್ಲಾ ಗಂಟೂ ಚುಚ್ಚಿಬಿಡಿ ಅಂದ್ರೆ ಏನಾಗುತ್ತೆ ಅಂತ ದಕ್ಷಿಣ ಕೊರಿಯಾ ನೋಡಿದೆ. ಅಲ್ಲಿ ಆರೋಗ್ಯವಾಗಿರೋರಿಗೂ ಕುತ್ತಿಗೆ ಸ್ಕ್ಯಾನ್ ಮಾಡ್ತಾ ಹೋಗಿ, 2011ಕ್ಕೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗೋ ಪ್ರಮಾಣ 1993ಕ್ಕಿಂತ 15 ಪಟ್ಟು ಆಯ್ತು, ಸಾಯೋರ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಆಪರೇಷನ್ ಆದೋರು ಸಾವಿರಾರು ಜನ, ಎಷ್ಟೋ ಜನಕ್ಕೆ ಜೀವನಪೂರ್ತಿ ಮಾತ್ರೆ.

ಈ ಸೂಜಿ ಪರೀಕ್ಷೆಗೇ ಎಫ್ಎನ್ಎಸಿ ಅನ್ನೋದು. ಭುಜದ ಕೆಳಗೆ ದಿಂಬಿಟ್ಟು ಕುತ್ತಿಗೆ ಹಿಂದಕ್ಕೆ ಬಾಗಿಸಿ ಮಲಗಿಸ್ತಾರೆ, ಸ್ಕ್ರೀನ್ ನೋಡ್ಕೊಂಡೇ 25 ಅಥವಾ 27 ಗೇಜಿನ ಸೂಜಿ ಒಳಗೆ ಬಿಡ್ತಾರೆ, ರಕ್ತ ತೆಗೆಯೋ ಸೂಜಿಗಿಂತ ಸಣ್ಣದೇ ಅದು. ಒಳಗಿದ್ದಾಗ ಉಗುಳು ನುಂಗಬೇಡಿ ಮಾತಾಡಬೇಡಿ ಅಂತಾರೆ, ಯಾಕಂದ್ರೆ ನುಂಗಿದ್ರೆ ಥೈರಾಯ್ಡ್ ಮೇಲಕ್ಕೆ ಕೆಳಕ್ಕೆ ಓಡುತ್ತೆ. ಕೆಲವು ಸೆಕೆಂಡ್ ಹಿಂದೆ ಮುಂದೆ ಆಡಿಸಿ ತೆಗೆದು ಗಾಜಿನ ಸ್ಲೈಡ್ ಮೇಲೆ ಸವರ್ತಾರೆ, ಹೀಗೆ ಎರಡು ಮೂರು ಸಲ. ಸ್ಲೈಡಲ್ಲಿ ಕನಿಷ್ಠ 10 ಜೀವಕೋಶ ಇರೋ 6 ಗುಂಪಾದ್ರೂ ಸಿಗಬೇಕು ಅನ್ನೋದು ಸಾಮಾನ್ಯ ನಿಯಮ. ರಿಪೋರ್ಟ್ ಕೊಡೋದು ಬೆಥೆಸ್ಡಾ ಅನ್ನೋ 1ರಿಂದ 6ರ ತನಕದ ಪಟ್ಟಿಯಲ್ಲಿ. ಬರೀ ರಕ್ತ ಬಂದ್ರೆ ಬೆಥೆಸ್ಡಾ 1 ಅಂತ ಬರೀತಾರೆ, ಒಂದು ಅಂದ್ರೆ ಬೆಸ್ಟ್ ಅಂತ ಖುಷಿ ಪಡೋರಿದ್ದಾರೆ, ಅಲ್ಲ, ಅದರರ್ಥ ಸ್ಯಾಂಪಲ್ ಸಾಲಲಿಲ್ಲ, ಮತ್ತೆ ಚುಚ್ಚಬೇಕು ಅಂತ. ಒಳ್ಳೇದು ಅಂದ್ರೆ 2, ಕ್ಯಾನ್ಸರ್ ಅಂತ ಹೇಳೋದು 6.

ಇವರಿಗೆ ಬಂದಿದ್ದು 4, ಫಾಲಿಕ್ಯುಲರ್ ನಿಯೋಪ್ಲಾಸಂ, ಅಂದ್ರೆ ಥೈರಾಯ್ಡ್ ಹಾರ್ಮೋನ್ ಮಾಡೋ ಕೋಶಗಳದ್ದೇ ಗಡ್ಡೆ. ಸೂಜಿ ಕೈಚೆಲ್ಲೋದು ಇಲ್ಲೇ ನೋಡಿ. ಫಾಲಿಕ್ಯುಲರ್ ಗಂಟು ಸಾಧುವಾ ಕ್ಯಾನ್ಸರ್ರಾ ಅನ್ನೋದನ್ನ ಕೋಶದ ಮುಖ ನೋಡಿ ಹೇಳಕ್ಕಾಗಲ್ಲ, ಎರಡರಲ್ಲೂ ಒಂದೇ ಥರ ಇರುತ್ವೆ. ಗಂಟಿನ ಸುತ್ತ ಇರೋ ಪೊರೆಯನ್ನೋ ರಕ್ತನಾಳವನ್ನೋ ಕೋಶಗಳು ದಾಟಿದ್ರೆ ಕ್ಯಾನ್ಸರ್. ಕಾಂಪೌಂಡ್ ಒಳಗಿಂದ ಒಂದು ಹಿಡಿ ಮಣ್ಣು ತಂದು ಕೊಟ್ಟು ಗೋಡೆ ಬಿರುಕು ಬಿಟ್ಟಿದ್ಯಾ ಅಂತ ಕೇಳಿದ್ರೆ ಯಾರು ಹೇಳ್ತಾರೆ? 2023ರ ಬೆಥೆಸ್ಡಾ ಪ್ರಕಾರ ಈ ಗುಂಪಲ್ಲಿ ಕ್ಯಾನ್ಸರ್ ಸಾಧ್ಯತೆ ಸರಾಸರಿ 30% ಅಷ್ಟೇ. ಕೆಲವು ಕಡೆ ಜೀನ್ ಟೆಸ್ಟ್ ಮಾಡಿ ಅಂದಾಜು ಇನ್ನೂ ಬಿಗಿ ಮಾಡ್ತಾರೆ, ದುಬಾರಿ. ಇಲ್ದಿದ್ರೆ ಬಲಭಾಗದ ಅರ್ಧ ಥೈರಾಯ್ಡ್ ತೆಗೆದು ಪೊರೆಯನ್ನ ಸುತ್ತಲೂ ಕತ್ತರಿಸಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಇವರು ಅದಕ್ಕೇ ಒಪ್ಪಿದ್ರು ಅಂದ್ಕೊಳ್ಳಿ, ಪೊರೆ ಎಲ್ಲೂ ದಾಟಿಲ್ಲ, ಅಡಿನೋಮಾ, ಅಂದ್ರೆ ಸಾಧು ಗಂಟು. ಆಮೇಲೆ ಆರೆಂಟು ವಾರಕ್ಕೆ ಒಂದು ಟಿಎಸ್ಎಚ್ ನೋಡ್ತಾರೆ, ಉಳಿದ ಅರ್ಧ ಸಾಕಾಗುತ್ತಾ ಮಾತ್ರೆ ಬೇಕಾ ಅಂತ. ಎಡಗಡೆ ದೊಡ್ಡದು ಹಾಗೇ ಇರುತ್ತೆ.