ಹನ್ನೆರಡು ಫೇಡರ್‌ಗಳ ಹಾರ್ಮೋನಿಯಂ

ಪೆನ್ಸಿಲ್ ತೂರಿಸಿ ಕ್ಯಾಸೆಟ್ ಸುತ್ತಿದವರು ಆ ಕಂದು ಟೇಪನ್ನು ಕೈಯಲ್ಲಿ ಹಿಡಿದೇ ಇರುತ್ತೀರಿ. ಅದರ ಅಗಲ 4 ಮಿಲಿಮೀಟರಿಗಿಂತ ಒಂಚೂರು ಕಡಿಮೆ. ಅಷ್ಟೇ ಜಾಗದಲ್ಲಿ ಉದ್ದಕ್ಕೂ 4 ಪಟ್ಟೆಗಳು ಅಕ್ಕಪಕ್ಕ ಓಡುತ್ತಿದ್ದವು. ಎ ಸೈಡಿಗೆ ಎಡ-ಬಲ ಎರಡು, ಬಿ ಸೈಡಿಗೆ ಇನ್ನೆರಡು. ಒಂದೊಂದು ಪಟ್ಟೆಯೂ ಒಂದು ಟ್ರ್ಯಾಕ್. ಹೊಲದ ಸಾಲುಗಳ ಹಾಗೆ, ಒಂದಕ್ಕೊಂದು ತಾಗುವುದಿಲ್ಲ.

ದೊಡ್ಡ ಸ್ಟುಡಿಯೋಗಳ ಟೇಪ್ ಕೂಡ ಇದೇ ಜಾತಿಯದು, ಅಗಲ ಮಾತ್ರ ಜಾಸ್ತಿ. 1970ರ ದಶಕದಲ್ಲಿ ಸಾಮಾನ್ಯವಾಗಿ 2 ಇಂಚು ಅಗಲದ ಟೇಪಿನಲ್ಲಿ 16 ಟ್ರ್ಯಾಕ್ ಇರುತ್ತಿದ್ದವು. ಡ್ರಮ್ ಒಂದರಲ್ಲಿ, ಗಿಟಾರ್ ಇನ್ನೊಂದರಲ್ಲಿ, ಹಾಡುಗಾರನ ದನಿ ಮತ್ತೊಂದರಲ್ಲಿ. ಯಾವುದನ್ನು ಬೇಕಾದರೂ ಅಳಿಸಿ ಮತ್ತೆ ಹಾಡಬಹುದು, ಉಳಿದದ್ದು ಹಾಗೇ ಇರುತ್ತದೆ.

ಕೇಳುವುದಕ್ಕೆ ಸುಲಭ. ಆದರೆ ಮೊದಲು ಒಂದು ತೊಡಕು ಬಗೆಹರಿಯಬೇಕಿತ್ತು. ಟೇಪ್ ಯಂತ್ರದಲ್ಲಿ ಮೂರು ಹೆಡ್‌ಗಳು ಸಾಲಾಗಿ ಇರುತ್ತವೆ. ಮೊದಲನೆಯದು ಅಳಿಸುವುದು, ಎರಡನೆಯದು ಬರೆಯುವುದು, ಮೂರನೆಯದು ಓದುವುದು. ಟೇಪ್ ಇದೇ ಕ್ರಮದಲ್ಲಿ ಅವುಗಳ ಮುಂದೆ ಹಾದುಹೋಗುತ್ತದೆ. ಈಗ ಡ್ರಮ್ ಆಗಲೇ ರೆಕಾರ್ಡ್ ಆಗಿದೆ, ಅದನ್ನು ಕೇಳಿಕೊಂಡು ನೀವು ಹಾಡಬೇಕು ಅಂದುಕೊಳ್ಳಿ. ಡ್ರಮ್ ಕೇಳಿಸುವುದು ಮೂರನೇ ಹೆಡ್‌ನಿಂದ. ನಿಮ್ಮ ದನಿ ಬರೆಯಲ್ಪಡುವುದು ಎರಡನೇ ಹೆಡ್‌ನಲ್ಲಿ. ಇವೆರಡರ ನಡುವೆ 2 ಇಂಚು ದೂರ, ಟೇಪಿನ ವೇಗ ಸೆಕೆಂಡಿಗೆ 15 ಇಂಚು ಎಂದಿಟ್ಟುಕೊಂಡರೆ, ನೀವು ಎಷ್ಟೇ ತಾಳಕ್ಕೆ ಸರಿಯಾಗಿ ಹಾಡಿದರೂ ದನಿ ಟೇಪಿನ ಮೇಲೆ 2 ಇಂಚು ಹಿಂದೆ ಬೀಳುತ್ತದೆ. ಮತ್ತೆ ಹಾಕಿ ಕೇಳಿದರೆ ಸೆಕೆಂಡಿನ ಏಳನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ತಡ. ತಾಳ ತಪ್ಪಿದ್ದು ಯಾರಿಗಾದರೂ ಗೊತ್ತಾಗುವಷ್ಟು.

ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಇದಕ್ಕೆ ಮೊದಲು ಕಂಡುಕೊಂಡ ದಾರಿ ಸ್ವಲ್ಪ ಗಟ್ಟಿಗುಂಡಿಗೆಯದು. ಅಳಿಸುವ ಹೆಡ್‌ಗೂ ಮೊದಲು ಇನ್ನೊಂದು ಓದುವ ಹೆಡ್ ಕೂರಿಸಿದರು. ಹಳೆಯದು ಅಳಿಯುವ ಮುಂಚೆ ಅದನ್ನು ಓದಿ, ಹೊಸ ವಾದನದ ಜೊತೆ ಬೆರೆಸಿ, ಅದೇ ಟೇಪಿಗೆ ಮತ್ತೆ ಬರೆಯುವುದು. ಹತ್ತನೇ ಪದರದಲ್ಲಿ ಒಂದು ತಂತಿ ತಪ್ಪಿ ಮೀಟಿದರೆ ಹಿಂದಿನ ಒಂಬತ್ತೂ ಹೋದಂತೆಯೇ. ಆಮೇಲೆ ಆಂಪೆಕ್ಸ್ ಕಂಪನಿ ಅವರಿಗಾಗಿ 8 ಟ್ರ್ಯಾಕಿನ ಯಂತ್ರ ಮಾಡಿಕೊಟ್ಟಿತು. ಅದು 1957ರ ಮಾತು. ಅದರಲ್ಲಿದ್ದ ಉಪಾಯದ ಹೆಸರು ಸೆಲ್-ಸಿಂಕ್. ಬರೆಯುವ ಹೆಡ್ಡೂ ಒಂದು ಪುಟ್ಟ ವಿದ್ಯುತ್ಕಾಂತವೇ ತಾನೆ, ಅದರಿಂದ ಓದಿಸಲೂಬಹುದು. ಹಾಗಾಗಿ ಒಂದನೇ ಟ್ರ್ಯಾಕಿನ ಡ್ರಮ್ಮನ್ನು ಬರೆಯುವ ಹೆಡ್‌ನಿಂದಲೇ ಓದಿಸಿದರು, ಅದೇ ಹೆಡ್‌ನ ಎರಡನೇ ಟ್ರ್ಯಾಕಿಗೆ ದನಿ ಬರೆಸಿದರು. ಎರಡೂ ಒಂದೇ ಜಾಗದಲ್ಲಿ ನಡೆಯುವುದರಿಂದ ತಡ ಎಂಬುದೇ ಇಲ್ಲ. ಹೀಗೆ ಓದಿದ ಸದ್ದು ಅಷ್ಟು ಚೆನ್ನಾಗಿರುವುದಿಲ್ಲ, ನಿಜ. ಆದರೆ ಹಾಡುವಾಗ ಕಿವಿಗೆ ಅಷ್ಟು ಸಾಕು. ಕೊನೆಯಲ್ಲಿ ಎಲ್ಲವನ್ನೂ ಬೆರೆಸುವಾಗ ಓದುವ ಹೆಡ್ ಬಳಸಿದರಾಯಿತು.

ಇಲ್ಲಿಂದ ಮುಂದೆ ರೆಕಾರ್ಡಿಂಗ್ ಅಂದರೆ ನಡೆದದ್ದರ ಫೋಟೋ ಆಗಿ ಉಳಿಯಬೇಕಾಗಿರಲಿಲ್ಲ. ಎಲ್ಲಿಯೂ ನಡೆಯದ ಕಛೇರಿಯನ್ನು ಟೇಪಿನ ಮೇಲೆ ಕಟ್ಟಬಹುದಿತ್ತು. ಬೀಟಲ್ಸ್ ಲಂಡನ್ನಿನಲ್ಲಿ ಬರೀ 4 ಟ್ರ್ಯಾಕ್ ಇಟ್ಟುಕೊಂಡು ಮಾಡಿದ ಕಸರತ್ತು ಎಲ್ಲರೂ ಹೇಳುವ ಕತೆ. ನನಗೆ ಅದಕ್ಕಿಂತ ಇಷ್ಟವಾಗುವುದು ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಊರಿನ ಇನ್ನೊಂದು ಕತೆ. ಯಾಕೆಂದರೆ ಅಲ್ಲಿ ‘ಸ್ಟುಡಿಯೋನೇ ವಾದ್ಯ’ ಅನ್ನುವುದು ಬರೀ ಮಾತಲ್ಲ, ನಾಲ್ಕು ಜನ ಕೂತು ಬೆರಳಿನಿಂದ ನುಡಿಸಿದ್ದು.

ತಂಡದ ಹೆಸರು ಟೆನ್ ಸಿಸಿ. ಎರಿಕ್ ಸ್ಟುವರ್ಟ್, ಗ್ರಹಾಂ ಗೌಲ್ಡ್‌ಮನ್, ಕೆವಿನ್ ಗಾಡ್ಲಿ, ಲೋಲ್ ಕ್ರೀಮ್. ಹಾಡು ‘ಐಯಾಮ್ ನಾಟ್ ಇನ್ ಲವ್’, ಹೊರಬಂದದ್ದು 1975ರಲ್ಲಿ. ಸ್ಟುವರ್ಟ್ ಸ್ಟ್ರಾಬೆರಿ ಸ್ಟುಡಿಯೋದ ಮಾಲೀಕರಲ್ಲಿ ಒಬ್ಬರು, ಎಂಜಿನಿಯರ್ ಕೂಡ ಅವರೇ. ಇದು ಸಣ್ಣ ವಿಷಯ ಅಲ್ಲ. ಗಂಟೆಗಿಷ್ಟು ಅಂತ ಬಾಡಿಗೆ ಕೊಡುವವರು ಮೂರು ವಾರ ಬರೀ ‘ಆ’ ಅಂತ ಹಾಡುತ್ತಾ ಕೂರುವುದಕ್ಕೆ ಆಗುತ್ತಿರಲಿಲ್ಲ.

ಮೊದಲು ಈ ಹಾಡನ್ನು ಬ್ರೆಜಿಲಿನ ಬೋಸ ನೋವ ಲಯದಲ್ಲಿ ಮಾಡಿದ್ದರು. ಗಾಡ್ಲಿಗೆ ಸ್ವಲ್ಪವೂ ಹಿಡಿಸಲಿಲ್ಲ. ಟೇಪನ್ನು ಅಳಿಸಿಯೂ ಬಿಟ್ಟರು. ಆದರೆ ಸ್ಟುಡಿಯೋದಲ್ಲಿ ಕೆಲಸ ಮಾಡುವವರು ಅದನ್ನೇ ಗುನುಗುತ್ತಾ ಓಡಾಡುವುದು ಸ್ಟುವರ್ಟ್ ಕಿವಿಗೆ ಬೀಳುತ್ತಿತ್ತು. ಇನ್ನೊಮ್ಮೆ ನೋಡೋಣ ಅಂದಾಗ ಗಾಡ್ಲಿ ಒಂದು ಮಾತು ಹೇಳಿದರು: ಮಾಡುವುದಾದರೆ ವಾದ್ಯಗಳ ಬದಲು ಬರೀ ದನಿಗಳಿಂದ ಮಾಡೋಣ.

ಈಗ ಲೆಕ್ಕ ನೋಡಿ. ಹಾಡಿಗೆ ಹಿನ್ನೆಲೆಯಾಗಿ ದೊಡ್ಡ ಗಾಯನ ವೃಂದದ ಸದ್ದು ಬೇಕು. ಇರುವವರು ನಾಲ್ಕು ಜನ, ಅದರಲ್ಲಿ ಒಬ್ಬರು ಯಂತ್ರದ ಮುಂದೆ ಕೂರಬೇಕು. ಉಳಿದ ಮೂವರು ಮೈಕಿನ ಸುತ್ತ ನಿಂತು ಒಂದೇ ಸ್ವರವನ್ನು ‘ಆ’ ಎಂದು ಹಿಡಿದರು. ಅದು ಒಂದನೇ ಟ್ರ್ಯಾಕ್. ಅದೇ ಸ್ವರ ಮತ್ತೆ, ಎರಡನೇ ಟ್ರ್ಯಾಕ್. ಹೀಗೆ 16 ಸಲ. ಮೂವರು 16 ಸಲ ಅಂದರೆ 48 ದನಿ. ಇಷ್ಟು ಮಾಡಿದರೆ ಒಂದು ಸ್ವರ ಮುಗಿಯಿತು. ನಮ್ಮ ಹಾರ್ಮೋನಿಯಂನಲ್ಲಿ ಒಂದು ಷಡ್ಜದಿಂದ ಮುಂದಿನ ಷಡ್ಜದ ತನಕ ಬಿಳಿ ಕಪ್ಪು ಸೇರಿ 12 ಮನೆ ಇರುತ್ತವಲ್ಲ, ಆ 12ಕ್ಕೂ ಇದೇ ಕೆಲಸ. 12 ಗುಣಿಸು 48, ಒಟ್ಟು 576 ದನಿ.

ಒಂದೇ ದನಿಯನ್ನು 16 ಸಲ ನಕಲು ಮಾಡಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ನಕಲು ಮಾಡಿದರೆ ಸದ್ದು ಜೋರಾಗುತ್ತದೆ, ಗುಂಪಾಗುವುದಿಲ್ಲ. ಮನುಷ್ಯ ಒಂದೇ ಸ್ವರವನ್ನು ಎರಡು ಸಲ ಹಾಡಿದರೆ ಎರಡೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಒಂದು ದನಿ ಸೆಕೆಂಡಿಗೆ 220 ಸಲ ಕಂಪಿಸುತ್ತಿದೆ, ಇನ್ನೊಂದು 221 ಸಲ ಅನ್ನಿ. ಆಗ ಎರಡೂ ಸೇರಿದ ಸದ್ದು ಸೆಕೆಂಡಿಗೆ ಒಂದು ಸಲ ಏರಿ ಇಳಿಯುತ್ತದೆ. ತಂಬೂರಿಯ ಎರಡು ತಂತಿಗಳನ್ನು ಒಂದೇ ಶ್ರುತಿಗೆ ತರುವಾಗ ಕೊನೆಯಲ್ಲಿ ‘ವಂವ್ ವಂವ್’ ಅನ್ನುತ್ತದಲ್ಲ, ಅದೇ. ತಂಬೂರಿಯಲ್ಲಿ ಆ ಅಲೆ ನಿಂತರೆ ಶ್ರುತಿ ಕೂಡಿತು ಅನ್ನುತ್ತೇವೆ. ಇಲ್ಲಿ 48 ದನಿಗಳ ನಡುವೆ ಇಂಥ ನೂರಾರು ಅಲೆಗಳು ಏಳುತ್ತವೆ. ಒಂದು ಏರುವಾಗ ಇನ್ನೊಂದು ಇಳಿದಿರುತ್ತದೆ. ಕಿವಿಗೆ ಯಾವ ಒಂದು ದನಿಯೂ ಸಿಗುವುದಿಲ್ಲ, ಮೃದುವಾದ ಮಿನುಗು ಮಾತ್ರ ಸಿಗುತ್ತದೆ.

ಮುಂದಿನ ಸಮಸ್ಯೆ ಉಸಿರಿನದು. ಯಾರೇ ಆದರೂ ಒಂದು ಸ್ವರವನ್ನು ಎಷ್ಟು ಹೊತ್ತು ಹಿಡಿಯಬಹುದು? ಹಾಡು 6 ನಿಮಿಷ ಉದ್ದ. ಆಗ ಕ್ರೀಮ್ ಟೇಪ್ ಲೂಪ್ ಮಾಡೋಣ ಅಂದರು. 48 ದನಿಗಳನ್ನು ಸ್ಟೀರಿಯೋ ಯಂತ್ರಕ್ಕೆ ಬೆರೆಸಿ ಇಳಿಸುವುದು. ಆ ಟೇಪಿನಿಂದ ಸುಮಾರು 12 ಅಡಿ ಕತ್ತರಿಸಿ, ತುದಿಗೆ ತುದಿ ಅಂಟಿಸಿ ಬಳೆ ಮಾಡುವುದು. ಅದು ಸುತ್ತುತ್ತಲೇ ಇದ್ದರೆ ಸ್ವರ ಮುಗಿಯುವುದೇ ಇಲ್ಲ. 12 ಅಡಿ ಬಳೆ ಯಂತ್ರದೊಳಗೆ ಹಿಡಿಯುವುದಿಲ್ಲವಲ್ಲ, ಅದಕ್ಕೇ ಒಂದು ಭಾರದ ಮೈಕ್ ಸ್ಟ್ಯಾಂಡಿಗೆ ಉರುಳೆ ಕಟ್ಟಿ ದೂರದಲ್ಲಿ ನಿಲ್ಲಿಸಿದರು. ಹೆಡ್‌ನ ಮುಂದಿನಿಂದ ಹೊರಟ ಟೇಪ್ ಆ ಉರುಳೆ ಸುತ್ತಿ ವಾಪಸ್ ಬರುತ್ತಿತ್ತು. ಬಿಗಿ ಸಡಿಲವಾದರೆ ಸ್ವರವೇ ತೂಗಾಡುತ್ತದೆ, ಹಾಗಾಗಿ ಸ್ಟ್ಯಾಂಡ್ ಅಲುಗಾಡುವಂತಿರಲಿಲ್ಲ.

ಅಷ್ಟು ಉದ್ದ ಯಾಕೆ ಬೇಕಿತ್ತು? ಅಂಟಿಸಿದ ಜಾಗ ಹೆಡ್ ಮುಂದೆ ಹಾದಾಗಲೆಲ್ಲ ಒಂದು ಸಣ್ಣ ‘ಟಿಕ್’ ಕೇಳಿಸುತ್ತದೆ. ಟೇಪನ್ನು ಓರೆಯಾಗಿ ಕತ್ತರಿಸಿದರೆ ಅದು ಮೆತ್ತಗಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಳೆ 1 ಅಡಿಯದಾದರೆ, ಸೆಕೆಂಡಿಗೆ 15 ಇಂಚು ವೇಗದಲ್ಲಿ, ಸೆಕೆಂಡೂ ಆಗುವ ಮೊದಲೇ ಟಿಕ್ ಮರಳುತ್ತದೆ. ಕಿವಿ ಅದನ್ನು ತಾಳ ಅಂದುಕೊಳ್ಳುತ್ತದೆ. 12 ಅಡಿಯಾದರೆ ಹತ್ತಿರ ಹತ್ತಿರ 10 ಸೆಕೆಂಡಿಗೊಮ್ಮೆ. ಜೊತೆಗೆ 12 ಸ್ವರಗಳ ಟಿಕ್‌ಗಳು ಒಂದೇ ಹೊತ್ತಿಗೆ ಬೀಳದಂತೆ ನೋಡಿಕೊಂಡರೆ, ಉಳಿದ ಸ್ವರಗಳ ಕೆಳಗೆ ಮುಚ್ಚಿಹೋಗುತ್ತವೆ.

ಆಮೇಲೆ ಬಳೆಗಳ ಸ್ವರಗಳು ಒಂದೊಂದಾಗಿ ಮಿಕ್ಸಿಂಗ್ ಡೆಸ್ಕಿನ ಒಂದೊಂದು ಚಾನೆಲ್ಲಿಗೆ ಬಂದವು. ಪ್ರತಿ ಚಾನೆಲ್ಲಿಗೂ ಒಂದು ಫೇಡರ್, ಅಂದರೆ ಮೇಲೆ ಕೆಳಗೆ ಜಾರಿಸಿ ಸದ್ದು ಏರಿಸಿ ಇಳಿಸುವ ಹಿಡಿ. ಈಗ ಡೆಸ್ಕ್ ಏನಾಯಿತು ನೋಡಿ. 12 ಫೇಡರ್, 12 ಸ್ವರ, ಎಲ್ಲವೂ ಬಿಡದೆ ಹಾಡುತ್ತಲೇ ಇವೆ. ಯಾವ ಫೇಡರ್ ಮೇಲೆತ್ತಿದಿರೋ ಆ ಸ್ವರ ಕೇಳಿಸುತ್ತದೆ. ಅಪ್ಪಟ ಹಾರ್ಮೋನಿಯಂ, ತಿದಿ ಮಾತ್ರ ಇಲ್ಲ.

ನಾಲ್ವರೂ ಡೆಸ್ಕಿನ ಮುಂದೆ ಕೂತು ಒಬ್ಬೊಬ್ಬರು ಕೆಲವು ಫೇಡರ್ ಹಿಡಿದರು. ಉದಾಹರಣೆಗೆ ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಎತ್ತಿದರೆ ಒಂದು ಕಾರ್ಡ್, ಅಂದರೆ ಒಟ್ಟಿಗೆ ಕೇಳಿಸುವ ಸ್ವರಗಳ ಗೊಂಚಲು. ಅಲ್ಲಿಂದ ಪಂಚಮವನ್ನು ನಿಧಾನಕ್ಕೆ ಇಳಿಸುತ್ತಾ ಧೈವತವನ್ನು ಏರಿಸಿದರೆ ಇನ್ನೊಂದು ಕಾರ್ಡ್, ಷಡ್ಜ ಗಾಂಧಾರ ಇದ್ದಲ್ಲೇ ಇರುತ್ತವೆ. ಕೀಲಿಮಣೆಯಲ್ಲಿ ಬೆರಳು ಒತ್ತಿದ ಕ್ಷಣ ಸ್ವರ ಹುಟ್ಟುತ್ತದೆ. ಇಲ್ಲಿ ಸ್ವರ ಮಂಜಿನ ಹಾಗೆ ಬಂದು ಮಂಜಿನ ಹಾಗೆ ಕರಗುತ್ತದೆ. ಆ ಹಾಡಿನ ಗುಣ ಇರುವುದೇ ಇದರಲ್ಲಿ ಅಂತ ನನಗನ್ನಿಸುತ್ತದೆ. ಇದಕ್ಕೊಂದು ಮಿತಿಯೂ ಇದೆ: ಬೇಗ ಬೇಗ ನುಡಿಸುವುದಕ್ಕೆ ಬರುವುದಿಲ್ಲ. ತಿರುವು ತಿರುವಿಗೂ ಕಾರ್ಡ್ ಬದಲಿಸುವ ಕುಣಿತದ ಹಾಡಿಗೆ ಈ ವಾದ್ಯ ಸುಮ್ನೆ ದಂಡ.

ಇನ್ನೊಂದು ಚೇಷ್ಟೆಯನ್ನೂ ಸ್ಟುವರ್ಟ್ ಮಾಡಿದ್ದರು. ಫೇಡರ್‌ಗಳ ಜಾಡಿನ ಕೆಳತುದಿಗೆ ಅಡ್ಡಲಾಗಿ ಅಂಟು ಟೇಪ್ ಹಚ್ಚಿದ್ದರು. ಹಾಗಾಗಿ ಯಾವ ಫೇಡರೂ ಪೂರ್ತಿ ಕೆಳಗಿಳಿಯುತ್ತಿರಲಿಲ್ಲ. ಅಂದರೆ 12 ಸ್ವರಗಳೂ ಸಣ್ಣಗೆ ಯಾವಾಗಲೂ ಕೇಳಿಸುತ್ತಿರುತ್ತವೆ. ನಮ್ಮ ಕಛೇರಿಯಲ್ಲಿ ತಂಬೂರಿ ಹಿಂದೆ ಇರುವ ಹಾಗೆ, ಆದರೆ ತಂಬೂರಿ ಎರಡು ಮೂರು ಸ್ವರಗಳಲ್ಲಿ ಊರಿ ನಿಲ್ಲುತ್ತದೆ. ಇಲ್ಲಿ 12ನ್ನೂ ಒಟ್ಟಿಗೆ ಬಿಟ್ಟರೆ ಯಾವ ಸ್ವರವೂ ನೆಲೆಯಲ್ಲ. ದೂರದ ಸಮುದ್ರದಂಥ ಒಂದು ಗುಂಯ್ ಅಷ್ಟೇ.

ಟೇಪಿನಲ್ಲಿ ಇಷ್ಟೆಲ್ಲ ಆಟಕ್ಕೆ ತೆರಬೇಕಾದ ದಂಡವೂ ಇದೆ. ಪ್ರತಿ ನಕಲಿನಲ್ಲೂ ಟೇಪಿನದೇ ಆದ ‘ಸ್ಸ್‌’ ಎಂಬ ಸದ್ದು ಸೇರಿಕೊಳ್ಳುತ್ತದೆ, ಸದ್ದಿನ ಮೇಲ್ತುದಿಯ ಹೊಳಪು ಸವೆಯುತ್ತದೆ. ಈ ದನಿಗಳು ಹಾಡಿದ ಟೇಪಿನಿಂದ ಬಳೆಗೆ, ಬಳೆಯಿಂದ ಮುಂದಕ್ಕೆ ದಾಟುತ್ತಾ ಕೊನೆಯ ಮಿಕ್ಸ್ ಮುಟ್ಟುವ ಹೊತ್ತಿಗೆ ನಕಲಿನ ನಕಲಾಗಿವೆ. ಬರೀ ಗಿಟಾರಿನ ಹಾಡಾಗಿದ್ದರೆ ಅದು ಎದ್ದು ಕಾಣುತ್ತಿತ್ತು. ‘ಆ’ ಎನ್ನುವ ದನಿಯಲ್ಲಿ ಹೇಗಿದ್ದರೂ ಉಸಿರು ಬೆರೆತಿರುತ್ತದೆ, ಟೇಪಿನ ‘ಸ್ಸ್‌’ ಅದರಲ್ಲೇ ಅಡಗಿಕೊಳ್ಳಲು ಜಾಗ ಸಿಗುತ್ತದೆ.

ವೃಂದದ ಮೇಲೆ ಹಾಕಿದ್ದು ಕೆಲವೇ ವಾದ್ಯ. ಎಲೆಕ್ಟ್ರಿಕ್ ಪಿಯಾನೋ, ಲಯಕ್ಕೊಂದು ಗಿಟಾರ್, ಸ್ವಲ್ಪ ಬೇಸ್. ಬೇಸ್ ಡ್ರಮ್ಮಿನ ಹಾಗೆ ಬಡಿಯುವುದು ಡ್ರಮ್ಮಲ್ಲ, ಮೂಗ್ ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯ. ನಡುವೆ ಪಿಸುಗುಟ್ಟುವ ಹೆಣ್ಣು ದನಿ ಸ್ಟುಡಿಯೋದ ಸೆಕ್ರೆಟರಿಯದು. ಮೇಲೆ ಸ್ಟುವರ್ಟ್ ಹಾಡಿದ್ದಾರೆ.

ಒಳ್ಳೆ ಹೆಡ್‌ಫೋನ್ ಇದ್ದರೆ ಒಮ್ಮೆ ಹಾಕಿಕೊಂಡು ಸ್ಟುವರ್ಟ್ ದನಿಯನ್ನು ಬಿಟ್ಟು ಹಿಂದಿನ ದನಿಗಳನ್ನು ಮಾತ್ರ ಹಿಂಬಾಲಿಸಿ. ಮುಂದೆ ಹಾಡುವಾತ ಸಾಲು ಸಾಲಿಗೂ ಉಸಿರೆಳೆದುಕೊಳ್ಳುತ್ತಾನೆ. ಹಿಂದಿರುವವರು ಯಾರೂ ಎಳೆದುಕೊಳ್ಳುವುದಿಲ್ಲ.